ಉಳಿ ನೋಡುವ ಕಣ್ಣು ಬೇರೆ, ಸ್ಪ್ಯಾನರ್ ನೋಡುವ ಕಣ್ಣು ಬೇರೆ

ಹಳೆಯ ಹತಾರದ ಪೆಟ್ಟಿಗೆಯನ್ನು ನೆಲಕ್ಕೆ ಸುರುವಿ ಜೋಡಿಸಲು ಕೂತವರು ಮೊದಲು ಮಾಡುವ ಕೆಲಸ, ಉದ್ದದ್ದೆಲ್ಲ ಒಂದು ಕಡೆ, ಗಿಡ್ಡದ್ದೆಲ್ಲ ಒಂದು ಕಡೆ ಇಡುವುದು. ನೋಡಲು ಅಚ್ಚುಕಟ್ಟಾಗಿರುತ್ತದೆ, ಕೆಲಸಕ್ಕೆ ಬರುವುದಿಲ್ಲ. ಉಳಿ ಸಾಣೆ ಕಂಡಷ್ಟೂ ಸವೆದು ಗಿಡ್ಡವಾಗುತ್ತದೆ, ಹಾಗಾಗಿ ಅದರ ಉದ್ದ ಅದರ ವಯಸ್ಸನ್ನು ಹೇಳೀತೇ ಹೊರತು ಜಾತಿಯನ್ನಲ್ಲ. ಹತ್ತರಿಯ ವಿಷಯಕ್ಕೆ ಬಂದರೆ ಉದ್ದವೇ ಜಾತಿ. ಸ್ಪ್ಯಾನರಿಗಂತೂ ಮೈಮೇಲೆಯೇ ಅಂಕಿ ಕೆತ್ತಿರುತ್ತಾರೆ, ಆದರೆ ಆ ಅಂಕಿ ಯಾವುದರ ಅಳತೆ ಎಂಬಲ್ಲಿಯೇ ತಕರಾರು.

ಉಳಿಯಿಂದ ಶುರು ಮಾಡೋಣ. ಅದನ್ನು ಕಣ್ಣಿನ ಮಟ್ಟಕ್ಕೆ ಎತ್ತಿ, ಬಾಯಿಯ ಕಡೆಯಿಂದ ಹಿಡಿಯತ್ತ ನೋಡಬೇಕು. ಅಲಗಿನ ಅಡ್ಡಕೊಯ್ತ ಹೇಗಿದೆ ಎಂಬುದು ಆಗ ತಿಳಿಯುತ್ತದೆ. ನಾಲ್ಕೂ ಮೂಲೆ ನೇರವಾಗಿರುವ ಸಾದಾ ಆಯತ ಕಂಡರೆ ಅದು ಫರ್ಮರ್ ಉಳಿ, ಮರಗೆಲಸದ ದಿನಬಳಕೆಯದು. ಮೇಲುಭಾಗದ ಎರಡೂ ಅಂಚುಗಳನ್ನು ಇಳಿಜಾರಾಗಿ ಸವರಿದ್ದರೆ ಬೆವೆಲ್ ಎಡ್ಜ್ ಉಳಿ. ಡ್ರಾಯರಿನ ಮೂಲೆಯಲ್ಲಿ ಹಲ್ಲು ಹಲ್ಲಾಗಿ ಕೂಡಿಸುವ ಜೋಡಣೆ ಇರುತ್ತದಲ್ಲ, ಅಲ್ಲಿನ ಓರೆ ಮೂಲೆಯೊಳಗೆ ಆಯತದ ಅಲಗು ಹೋಗದು, ಬದಿ ಸವರಿದ ಅಲಗು ಹೋಗುತ್ತದೆ. ಅಲಗು ಅಗಲಕ್ಕಿಂತ ದಪ್ಪವೇ ಹೆಚ್ಚೇನೋ ಎನ್ನುವಷ್ಟು ಗಟ್ಟಿಮುಟ್ಟಾಗಿದ್ದರೆ ಅದು ಮಾರ್ಟಿಸ್ ಉಳಿ. ಅಲಗೇ ಬಾಗಿ ಬಾಯಿ ದುಂಡಗಿದ್ದರೆ ಗೌಜ್. ಅದನ್ನು ಬೇರೆ ಯಾವುದಕ್ಕೂ ಯಾರೂ ತಪ್ಪು ತಿಳಿಯುವುದಿಲ್ಲ.

ತಪ್ಪು ತಿಳಿಯುವುದು ಮಾರ್ಟಿಸ್ ಉಳಿಯ ವಿಷಯದಲ್ಲಿ. ಬಾಗಿಲ ಚೌಕಟ್ಟಿನ ಕಂಬಕ್ಕೆ ಚೌಕ ತೂತು ಕೊರೆದು ಅದರೊಳಗೆ ಅಡ್ಡಪಟ್ಟಿಯ ತುದಿ ಕೂರಿಸಬೇಕು ಎಂದಿಟ್ಟುಕೊಳ್ಳಿ. ಆಚಾರಿ ಉಳಿಯನ್ನು ನೆಟ್ಟಗೆ ನಿಲ್ಲಿಸಿ ಕೊಡತಿಯಿಂದ ನಾಲ್ಕೈದು ಏಟು ಹಾಕುತ್ತಾನೆ, ಸ್ವಲ್ಪ ಮುಂದೆ ಸರಿಸಿ ಮತ್ತೆ ಏಟು ಹಾಕುತ್ತಾನೆ. ಆಮೇಲೆ ಉಳಿಯನ್ನೇ ಮೀಟುಗೋಲು ಮಾಡಿಕೊಂಡು ಕತ್ತರಿಸಿದ ಚಕ್ಕೆಯನ್ನು ಮೇಲೆಬ್ಬಿಸುತ್ತಾನೆ. ಆ ದಪ್ಪ ಅಲಗು ಇರುವುದು ಮೀಟಲು. ನೇರ ನಿಂತ ಬದಿಗಳಿಂದ ಇನ್ನೊಂದು ಲಾಭವಿದೆ: ಆಳಕ್ಕೆ ಇಳಿದಂತೆ ಉಳಿ ತೂತಿನ ಗೋಡೆಗೆ ಒರಗಿ ನೆಟ್ಟಗೇ ಸಾಗುತ್ತದೆ, ತಿರುಚಿಕೊಳ್ಳುವುದಿಲ್ಲ. ಇದೇ ಕೆಲಸಕ್ಕೆ ತೆಳ್ಳನೆಯ ಬೆವೆಲ್ ಎಡ್ಜ್ ಉಳಿ ಹಾಕಿ ಮೀಟಿದರೆ ಅಲಗು ಬಾಗುತ್ತದೆ, ಇಲ್ಲವೇ ಬಾಯಿಯ ಒಂದು ಮೂಲೆ ಚಟ್ಟನೆ ಹಾರಿಹೋಗುತ್ತದೆ. ಮೂಲೆ ಮುರಿದ ತೆಳು ಉಳಿ ಪೆಟ್ಟಿಗೆಯಲ್ಲಿ ಕಂಡರೆ ಅದರಿಂದ ಏನು ಕೆಲಸ ತೆಗೆದಿದ್ದರೆಂದು ಊಹಿಸಬಹುದು.

ಅಡ್ಡಕೊಯ್ತ ಆದಮೇಲೆ ಬಾಯಿಯ ಕೋನ ನೋಡಬೇಕು. ಮರದ ಉಳಿಯನ್ನು ಸಾಣೆಚಕ್ರಕ್ಕೆ ಹಿಡಿಯುವುದು ಸುಮಾರು 25 ಡಿಗ್ರಿಗೆ, ಆಮೇಲೆ ಕಲ್ಲಿನ ಮೇಲೆ ಮಸೆಯುವುದು 30ಕ್ಕೆ. ಹತ್ತಿರದಿಂದ ನೋಡಿದರೆ ಇಳಿಜಾರಿನ ತುದಿಯಲ್ಲಿ ಕೂದಲೆಳೆಯಷ್ಟು ಅಗಲದ ಹೊಳೆಯುವ ಪಟ್ಟಿ ಕಾಣುತ್ತದೆ, 30 ಡಿಗ್ರಿ ಇರುವುದು ಅಲ್ಲಿ ಮಾತ್ರ. ಪ್ರತಿ ಸಲ ಇಡೀ ಇಳಿಜಾರನ್ನು ಮಸೆಯುವ ಬದಲು ಈ ಪಟ್ಟಿಯನ್ನಷ್ಟೇ ಮಸೆದರೆ ಸಾಕು. ಸಾಣೆಚಕ್ರಕ್ಕೆ ಒತ್ತಿ ಹಿಡಿದು ತುದಿ ನೀಲಿ ಬಣ್ಣಕ್ಕೆ ತಿರುಗಿತೋ, ಅಷ್ಟು ಭಾಗದ ಹದ ಹೋಯಿತು ಎಂದೇ ಲೆಕ್ಕ. ನೀಲಿ ಭಾಗ ಪೂರ್ತಿ ಸವೆಯುವವರೆಗೂ ಆ ಉಳಿ ಎರಡು ಏಟಿಗೆ ಮೊಂಡಾಗುತ್ತದೆ. ನಡುನಡುವೆ ನೀರಿಗೆ ಅದ್ದುವುದು ಇದಕ್ಕೇ.

ಕಬ್ಬಿಣ ಕತ್ತರಿಸುವ ಚಾಣದಲ್ಲಿ ಕೋನವೇ ಬೇರೆ. ಐಟಿಐಯ ಫಿಟ್ಟರ್ ವಿದ್ಯಾರ್ಥಿಗಳು ಇದನ್ನು ಬಾಯಿಪಾಠ ಮಾಡುತ್ತಾರೆ: ಅಲ್ಯೂಮಿನಿಯಮ್ಮಿಗೆ 30 ಡಿಗ್ರಿ, ತಾಮ್ರಕ್ಕೆ 45, ಸಾದಾ ಉಕ್ಕಿಗೆ 55, ಎರಕದ ಕಬ್ಬಿಣಕ್ಕೆ 60. ಲೋಹ ಗಟ್ಟಿಯಾದಷ್ಟೂ ಬಾಯಿ ಮೊಂಡಗಿರಬೇಕು, ಇಲ್ಲದಿದ್ದರೆ ಅಂಚು ನಿಲ್ಲುವುದಿಲ್ಲ. ಮರದ ಉಳಿಗೂ ಚಾಣಕ್ಕೂ ತಲೆಯಲ್ಲಿಯೂ ವ್ಯತ್ಯಾಸವಿದೆ. ಚಾಣಕ್ಕೆ ಮರದ ಹಿಡಿ ಇರುವುದಿಲ್ಲ, ಸುತ್ತಿಗೆ ನೇರವಾಗಿ ಉಕ್ಕಿನ ಮೇಲೆಯೇ ಬೀಳುತ್ತದೆ. ಅದಕ್ಕೇ ಅದರ ಬಾಯಿಗೆ ಮಾತ್ರ ಹದ ಕೊಟ್ಟು ತಲೆಯನ್ನು ಮೆತ್ತಗೆ ಬಿಟ್ಟಿರುತ್ತಾರೆ. ತಲೆಯೂ ಗಟ್ಟಿಯಿದ್ದರೆ ಏಟಿಗೆ ಸಿಡಿದೀತು. ಮೆತ್ತಗಿನ ತಲೆ ಏಟು ತಿಂದು ತಿಂದು ಅಣಬೆಯ ಹಾಗೆ ಅಂಚು ಮಡಚಿಕೊಳ್ಳುತ್ತದೆ. ಗ್ರೈಂಡರ್ ಹಿಡಿದು ಆ ಅಂಚನ್ನು ತೆಗೆಯದೆ ಬಿಟ್ಟರೆ ಒಂದು ದಿನ ಅದರ ಚೂರು ಹಾರಿ ಕಣ್ಣಿಗೋ ಕೈಗೋ ನಾಟುತ್ತದೆ. ಪೆಟ್ಟಿಗೆ ಜೋಡಿಸುವಾಗ ಇಂಥ ಚಾಣಗಳನ್ನು ಮೊದಲು ಬೇರೆ ಇಡಿ.

ಹತ್ತರಿಗೆ, ಕೆಲವರ ಬಾಯಲ್ಲಿ ರಂಧಕ್ಕೆ, ಬಂದರೆ ಈಗ ಅಳತೆಪಟ್ಟಿ ತೆಗೆಯಬಹುದು. ಒಂಬತ್ತು ಹತ್ತು ಇಂಚಿನದು ನಯಗೊಳಿಸುವ ಸ್ಮೂದಿಂಗ್ ಹತ್ತರಿ, ಹದಿನಾಲ್ಕರ ಆಸುಪಾಸಿನದು ಜ್ಯಾಕ್ ಹತ್ತರಿ, ಇಪ್ಪತ್ತೆರಡು ಇಪ್ಪತ್ನಾಲ್ಕು ಇಂಚಿನದು ಅಂಚು ನೇರ ಮಾಡುವ ಜಾಯಿಂಟರ್. ಕಬ್ಬಿಣದ ಹತ್ತರಿಗಳ ಮೇಲೆ ಕಾಣುವ 4, 5, 7 ಎಂಬ ನಂಬರುಗಳು ಈ ಗಾತ್ರಗಳನ್ನೇ ಹೇಳುತ್ತವೆ. ಆ ವಿನ್ಯಾಸ ಅಮೆರಿಕದ ಲಿಯೊನಾರ್ಡ್ ಬೇಯ್ಲಿಯದು. 1869ರಲ್ಲಿ ಸ್ಟ್ಯಾನ್ಲಿ ಕಂಪನಿ ಅವನ ಹತ್ತರಿ ವ್ಯವಹಾರವನ್ನು ಕೊಂಡ ಮೇಲೆ ಅದು ಜಗತ್ತಿಗೆಲ್ಲ ಹರಡಿತು.

ಉದ್ದಕ್ಕೆ ಅಷ್ಟು ಬೆಲೆ ಏಕೆ ಎಂಬುದು ಒಂದು ಹಲಗೆಯ ಮೇಲೆ ನೋಡಿದರೆ ಗೊತ್ತಾಗುತ್ತದೆ. ಆರಡಿ ಹಲಗೆಯ ಅಂಚಿನಲ್ಲಿ ನಡುವೆ ಒಂದಡಿ ಉದ್ದದ ಸಣ್ಣ ತಗ್ಗಿದೆ ಎನ್ನಿ. ಒಂಬತ್ತು ಇಂಚಿನ ಹತ್ತರಿ ಓಡಿಸಿದರೆ ಅದು ತಗ್ಗಿನೊಳಗೂ ಇಳಿದು ಅಲ್ಲಿಯೂ ಹೊಟ್ಟು ತೆಗೆದು ಮೇಲೇರುತ್ತದೆ. ಎಷ್ಟು ಸಲ ಓಡಿಸಿದರೂ ಅಂಚು ನಯವಾಗುತ್ತದೆ, ತಗ್ಗು ಹಾಗೇ ಉಳಿಯುತ್ತದೆ. ಇಪ್ಪತ್ತೆರಡು ಇಂಚಿನದು ತಗ್ಗಿನ ಎರಡೂ ದಡದ ಮೇಲೆ ಕೂತು ಅದನ್ನು ದಾಟುತ್ತದೆ, ಉಬ್ಬನ್ನಷ್ಟೇ ಕೀಸುತ್ತದೆ. ಇದನ್ನು ತಿಳಿಯಲು ಹೊಟ್ಟನ್ನು ನೋಡಿದರೆ ಸಾಕು. ಮೊದಲ ಕೆಲವು ಸಲ ಹೊಟ್ಟು ನಡುವೆ ತುಂಡಾಗಿ ಬೀಳುತ್ತದೆ, ಏಕೆಂದರೆ ತಗ್ಗಿನ ಮೇಲೆ ಅಲಗಿಗೆ ಮರವೇ ಸಿಗುವುದಿಲ್ಲ. ಉಬ್ಬು ಇಳಿಯುತ್ತ ಬಂದಂತೆ ತುಂಡುಗಳು ಉದ್ದವಾಗುತ್ತವೆ. ಹಲಗೆಯ ಈ ತುದಿಯಿಂದ ಆ ತುದಿಯವರೆಗೆ ಒಂದೇ ಎಳೆಯ ಸುರುಳಿ ಬಂದಾಗ ಅಂಚು ನೇರವಾಯಿತು ಎಂದರ್ಥ.

ಅಲಗುಗಳನ್ನು ಬಿಚ್ಚಿ ತೊಳೆದವರು ಅದಲುಬದಲು ಮಾಡಿಬಿಡುವುದುಂಟು. ಜ್ಯಾಕ್ ಹತ್ತರಿಯ ಅಲಗಿನ ಬಾಯಿ ನೇರವಲ್ಲ, ನಡು ಕೊಂಚ ಮುಂದೆ ಬಂದ ಸಣ್ಣ ಕಮಾನು. ದಪ್ಪ ಹೊಟ್ಟು ತೆಗೆಯುವಾಗ ಮೂಲೆಗಳು ಮರಕ್ಕೆ ಕಚ್ಚಬಾರದೆಂದು ಹಾಗೆ ಮಸೆದಿರುತ್ತಾರೆ. ಅದನ್ನು ಸ್ಮೂದಿಂಗ್ ಹತ್ತರಿಗೆ ಹಾಕಿದರೆ ಮೇಜಿನ ಮೇಲ್ಮೈಯಲ್ಲಿ ಅಲೆ ಅಲೆಯಾಗಿ ಗುರುತು ಬೀಳುತ್ತದೆ. ಇನ್ನು ಅಂಗೈಯಲ್ಲಿ ಹಿಡಿಯುವಷ್ಟು ಪುಟ್ಟದಾದ ಬ್ಲಾಕ್ ಹತ್ತರಿಯಲ್ಲಿ ಅಲಗಿನ ಇಳಿಜಾರು ಮೇಲ್ಮುಖವಾಗಿರುತ್ತದೆ, ಉಳಿದವುಗಳಲ್ಲಿ ಕೆಳಮುಖ. ಅಲಗು ತಳದ ಅಗಲವನ್ನು ಪೂರ್ತಿ ತುಂಬಿ ಎರಡೂ ಬದಿಗೆ ತಾಗಿದ್ದರೆ ಅದು ರಿಬೇಟ್ ಹತ್ತರಿ, ಕಿಟಕಿಯ ಗಾಜು ಕೂರುವ ಮೆಟ್ಟಿಲಂಥ ಕಚ್ಚು ಕೀಸಲು ಬೇಕಾದದ್ದು.

ಸ್ಪ್ಯಾನರಿನಲ್ಲಿ ಬಗೆ ಗುರುತಿಸುವುದು ಸುಲಭ. ಬಾಯಿ ತೆರೆದಿದ್ದರೆ ಓಪನ್, ಬಳೆಯಂತಿದ್ದರೆ ರಿಂಗ್, ಒಂದು ತುದಿ ಅದು ಇನ್ನೊಂದು ತುದಿ ಇದು ಇದ್ದರೆ ಕಾಂಬಿನೇಷನ್. ರಿಂಗ್ ಸ್ಪ್ಯಾನರ್ ಬೋಲ್ಟಿನ ತಲೆಯ ಆರೂ ಮೂಲೆ ಹಿಡಿಯುತ್ತದೆ, ಓಪನ್ ಸ್ಪ್ಯಾನರ್ ಎದುರುಬದುರಿನ ಎರಡು ಮುಖಗಳನ್ನು ಮಾತ್ರ. ಬಿಗಿದು ತುಕ್ಕು ಹಿಡಿದ ಬೋಲ್ಟನ್ನು ಮೊದಲು ಕದಲಿಸುವುದು ರಿಂಗಿನಲ್ಲೇ ಆಗಬೇಕು. ಓಪನ್ ಸ್ಪ್ಯಾನರಿನ ಬಾಯಿ ಹಿಡಿಕೆಗೆ ನೇರವಾಗಿರದೆ 15 ಡಿಗ್ರಿ ಓರೆಯಾಗಿರುವುದನ್ನು ಗಮನಿಸಿ. ಇಕ್ಕಟ್ಟಿನಲ್ಲಿ ಕೈಯಾಡಲು 60 ಡಿಗ್ರಿ ಜಾಗವಿಲ್ಲದಿದ್ದರೆ, 30 ಡಿಗ್ರಿ ತಿರುಗಿಸಿ, ಸ್ಪ್ಯಾನರನ್ನು ಮಗುಚಿ ಹಾಕಿದರೆ ಅದೇ ಬಾಯಿ ಇನ್ನೊಂದು ಜೋಡಿ ಮುಖ ಹಿಡಿಯುತ್ತದೆ.

ಕಷ್ಟ ಇರುವುದು ಅಂಕಿಯಲ್ಲಿ. 13 ಎಂದು ಕೆತ್ತಿದ್ದರೆ ಅದು ಬೋಲ್ಟಿನ ದಪ್ಪವಲ್ಲ, ತಲೆಯ ಎದುರುಬದುರು ಮುಖಗಳ ನಡುವಿನ ಅಂತರ, ಮಿಲಿಮೀಟರಿನಲ್ಲಿ. 13ರ ಸ್ಪ್ಯಾನರ್ ಹಿಡಿಯುವ ಬೋಲ್ಟಿನ ದಪ್ಪ ಸಾಮಾನ್ಯವಾಗಿ 8 ಮಿಲಿಮೀಟರ್. ಇಂಚಿನ ಸ್ಪ್ಯಾನರುಗಳಲ್ಲಿ ಎರಡು ಪಂಗಡವಿದೆ. ಎಎಫ್ ಎಂದು ಗುರುತಿರುವವು ಮುಖಗಳ ಅಂತರವನ್ನೇ ಹೇಳುತ್ತವೆ. ಡಬ್ಲ್ಯು ಎಂಬ ಗುರುತಿರುವವು ವಿಟ್‌ವರ್ತ್ ಪಂಗಡದವು. 1841ರಲ್ಲಿ ಇಂಗ್ಲೆಂಡಿನ ಜೋಸೆಫ್ ವಿಟ್‌ವರ್ತ್ ಸೂಚಿಸಿದ ಮರೆಯ ಮಾನದಂಡದಿಂದ ಬಂದದ್ದು. ಇವುಗಳ ಮೇಲಿನ ಅಂಕಿ ಬೋಲ್ಟಿನ ದಪ್ಪ, ಬಾಯಿಯ ಅಗಲವಲ್ಲ. ನಮ್ಮಲ್ಲಿ ಮೆಟ್ರಿಕ್ ಅಳತೆಗೆ ಕಾಯ್ದೆ ಬಂದದ್ದು 1956ರಲ್ಲಿ, ಆದರೆ ಮದ್ರಾಸಿನಲ್ಲಿ ತಯಾರಾದ ಹಳೆಯ ಬುಲೆಟ್ ಬೈಕುಗಳಲ್ಲಿ ಆಮೇಲೂ ಬ್ರಿಟಿಷ್ ಅಳತೆಯ ಬೋಲ್ಟುಗಳೇ ಇದ್ದವು. ಅಪ್ಪನ ಪೆಟ್ಟಿಗೆಯಲ್ಲಿ ಮೂರೂ ಪಂಗಡ ಬೆರೆತಿರುವುದಕ್ಕೆ ಇದೂ ಒಂದು ಕಾರಣ.

ಮೂರು ಸ್ಪ್ಯಾನರುಗಳನ್ನು ಪಕ್ಕಪಕ್ಕ ಇಡಿ: ಅರ್ಧ ಇಂಚು ಎಎಫ್, 13 ಮಿಲಿಮೀಟರ್, 1/4 ಡಬ್ಲ್ಯು. ಬಾಯಿಗಳು ಕ್ರಮವಾಗಿ 12.7, 13 ಮತ್ತು ಸುಮಾರು 13.3 ಮಿಲಿಮೀಟರ್. ಬರಿಗಣ್ಣಿಗೆ ಮೂರೂ ಒಂದೇ. ಅರ್ಧ ಇಂಚಿನ ಬೋಲ್ಟಿನ ತಲೆಗೆ 13ರದು ಹಾಕಿದರೆ ಕೂರುತ್ತದೆ, ಆದರೆ ಹಿಡಿಯುವ ಮೊದಲು ಎರಡೂವರೆ ಡಿಗ್ರಿಯಷ್ಟು ಖಾಲಿ ತಿರುಗುತ್ತದೆ. 1/4 ಡಬ್ಲ್ಯು ಹಾಕಿದರೆ ಐದು ಡಿಗ್ರಿ ಮೀರುತ್ತದೆ. ಖಾಲಿ ತಿರುಗಿ ನಿಂತಾಗ ಸ್ಪ್ಯಾನರಿನ ದವಡೆ ಮುಖದ ಮೇಲೆ ಚಪ್ಪಟೆಯಾಗಿ ಕೂತಿರುವುದಿಲ್ಲ, ಬಲವೆಲ್ಲ ಎರಡು ಮೂಲೆಗಳ ಮೇಲೆ ಬೀಳುತ್ತದೆ. ಮೂಲೆ ಮೊದಲು ಹೊಳೆಯುತ್ತದೆ, ಆಮೇಲೆ ದುಂಡಗಾಗುತ್ತದೆ, ಕೊನೆಗೆ ಯಾವ ಸ್ಪ್ಯಾನರೂ ನಿಲ್ಲುವುದಿಲ್ಲ. ಆದ್ದರಿಂದ ಸ್ಪ್ಯಾನರನ್ನು ಬೋಲ್ಟಿಗೆ ಹಾಕಿದ ಮೇಲೆ ಬಲ ಹಾಕುವ ಮುನ್ನ ಹಿಂದೆ ಮುಂದೆ ಅಲ್ಲಾಡಿಸಿ ನೋಡಬೇಕು. ಬಿಡುವು ಕೈಗೆ ಗೊತ್ತಾಗುವಷ್ಟಿದ್ದರೆ ಅದು ಬೇರೆ ಪಂಗಡದ್ದು. ಗುರುತು ಅಳಿಸಿಹೋದ ಸ್ಪ್ಯಾನರಿನ ಬಾಯಿಯನ್ನು ವರ್ನಿಯರ್ ಕ್ಯಾಲಿಪರಿನಲ್ಲಿ ಅಳೆದು, ಮೆಟ್ರಿಕ್, ಎಎಫ್, ವಿಟ್‌ವರ್ತ್ ಎಂದು ಮೂರು ಬೇರೆ ಚೀಲಗಳಿಗೆ ಹಾಕಿದರೆ ಪೆಟ್ಟಿಗೆಯ ಅರ್ಧ ಗೊಂದಲ ಕಳೆಯುತ್ತದೆ.

ಯಾವ ಚೀಲಕ್ಕೂ ಸೇರದೆ ಉಳಿಯುವುದು ತಿರುಪು ತಿರುಗಿಸಿ ಬಾಯಿ ಹಿಗ್ಗಿಸುವ ಸ್ಕ್ರೂ ಸ್ಪ್ಯಾನರ್. ಅದಕ್ಕೆ ಅಳತೆಯ ಹಂಗಿಲ್ಲ, ದಿಕ್ಕಿನ ಹಂಗಿದೆ. ಅದರ ಎರಡು ದವಡೆಗಳಲ್ಲಿ ಒಂದು ಹಿಡಿಕೆಯೊಂದಿಗೆ ಒಂದೇ ಎರಕ, ಇನ್ನೊಂದು ಜಾರುವಂಥದ್ದು. ಜಾರುವ ದವಡೆ ಇರುವ ಕಡೆಗೆ ಹಿಡಿಕೆಯನ್ನು ಎಳೆದರೆ ಬಲ ಗಟ್ಟಿ ದವಡೆಯ ಮೇಲೆ ಬೀಳುತ್ತದೆ. ಉಲ್ಟಾ ಹಿಡಿದು ಎಳೆದರೆ ಜಾರುವ ದವಡೆ ಬಿಟ್ಟುಕೊಡುತ್ತದೆ, ಬೆರಳಿನ ಗೆಣ್ಣು ಎಂಜಿನ್ನಿಗೆ ಬಡಿಯುತ್ತದೆ.