ಮೀಟರಿನಲ್ಲಿ ನೂರು, ಬ್ಯಾಟರಿಯಲ್ಲಿ ಎಂಬತ್ತು

ಎಲೆಕ್ಟ್ರಿಕ್ ಸ್ಕೂಟರಿನ ಮೀಟರ್ ಮೇಲೆ ಕಾಣುವ ಶೇಕಡಾ ಅಂಕಿಗೆ ಸ್ಟೇಟ್ ಆಫ್ ಚಾರ್ಜ್, ಚಿಕ್ಕದಾಗಿ ಎಸ್‌ಒಸಿ ಎನ್ನುತ್ತಾರೆ. ಬ್ಯಾಟರಿ ಈಗ ಹಿಡಿಯಬಲ್ಲ ಚಾರ್ಜಿನಲ್ಲಿ ಎಷ್ಟು ಪಾಲು ಉಳಿದಿದೆ ಎಂಬುದನ್ನು ಅದು ಹೇಳುತ್ತದೆ. ಹೊಸದಾಗಿದ್ದಾಗ ಹಿಡಿಯುತ್ತಿದ್ದಷ್ಟರಲ್ಲಿ ಈಗ ಎಷ್ಟು ಹಿಡಿಯುತ್ತದೆ ಎಂಬುದು ಬೇರೆ ಲೆಕ್ಕ. ಅದು ಸ್ಟೇಟ್ ಆಫ್ ಹೆಲ್ತ್, ಎಸ್‌ಒಎಚ್. ಮೊದಲನೆಯದು ದಿನವೂ ಏರಿಳಿಯುತ್ತದೆ; ಎರಡನೆಯದು ವರ್ಷಗಟ್ಟಲೆ ನಿಧಾನವಾಗಿ ಇಳಿಯುತ್ತಲೇ ಹೋಗುತ್ತದೆ. ಹೂಳು ತುಂಬಿದ ಕೆರೆಯೂ ಒಳ್ಳೆಯ ಮಳೆ ಬಂದರೆ ಕೋಡಿ ಹರಿಯುತ್ತದೆ, ಆದರೆ ಆ ನೀರು ಮೊದಲಿನಷ್ಟು ಗದ್ದೆಗೆ ಸಾಲುವುದಿಲ್ಲ. ಹಳೆಯ ಬ್ಯಾಟರಿ ‘ಫುಲ್’ ತೋರಿಸುವುದೂ ಹಾಗೆಯೇ.

ಈ ಎರಡನ್ನೂ ಲೆಕ್ಕ ಹಾಕುವುದು ಬ್ಯಾಟರಿ ಪೆಟ್ಟಿಗೆಯೊಳಗಿನ ಬಿಎಂಎಸ್ ಎಂಬ ಎಲೆಕ್ಟ್ರಾನಿಕ್ ಬೋರ್ಡ್. ಅದು ನೇರವಾಗಿ ಅಳೆಯಬಲ್ಲದ್ದು ಮೂರನ್ನು ಮಾತ್ರ: ವೋಲ್ಟೇಜ್, ಕರೆಂಟ್ ಮತ್ತು ತಾಪಮಾನ. ಎಸ್‌ಒಸಿಯಾಗಲಿ ಎಸ್‌ಒಎಚ್ ಆಗಲಿ ಅಳತೆಯಲ್ಲ, ಈ ಮೂರರಿಂದ ತೆಗೆದ ಅಂದಾಜು. ಒಂದು ಅಂದಾಜು ತಪ್ಪಿದರೆ ಇನ್ನೊಂದೂ ತಪ್ಪುತ್ತದೆ.

ಲಿಥಿಯಂ ಐರನ್ ಫಾಸ್ಫೇಟ್, ಅಂದರೆ ಎಲ್‌ಎಫ್‌ಪಿ ಬಗೆಯ 16 ಸೆಲ್‌ಗಳನ್ನು ಸಾಲಾಗಿ ಜೋಡಿಸಿದ ಒಂದು ಪ್ಯಾಕನ್ನು ಉದಾಹರಣೆಗೆ ತೆಗೆದುಕೊಳ್ಳಬಹುದು. ಪ್ರತಿ ಸೆಲ್ಲಿನದು 3.2 ವೋಲ್ಟ್, ಒಟ್ಟು 51.2 ವೋಲ್ಟ್. ಹೊಸದರಲ್ಲಿ ಅದರ ಸಾಮರ್ಥ್ಯ 60 ಆಂಪಿಯರ್-ಅವರ್. ಕರೆಂಟ್ ಬಿಲ್ಲಿನ ಲೆಕ್ಕದಲ್ಲಿ ಹೇಳುವುದಾದರೆ ಸುಮಾರು 3 ಯೂನಿಟ್.

ಎಸ್‌ಒಸಿ ತಿಳಿಯಲು ಬಿಎಂಎಸ್ ಮಾಡುವ ಮುಖ್ಯ ಕೆಲಸ ಎಣಿಕೆ. ಎಷ್ಟು ಕರೆಂಟ್ ಎಷ್ಟು ಹೊತ್ತು ಹೊರಗೆ ಹೋಯಿತು, ಎಷ್ಟು ಒಳಗೆ ಬಂತು ಎಂದು ಅದು ಕೂಡಿ ಕಳೆಯುತ್ತಿರುತ್ತದೆ. ತುಂಬಿದ ಪ್ಯಾಕಿನಿಂದ 30 ಆಂಪಿಯರ್-ಅವರ್ ಖರ್ಚಾದರೆ ಉಳಿದದ್ದು ಶೇ. 50. ಲೆಕ್ಕ ಸರಳ, ಆದರೆ ಸಣ್ಣ ತಪ್ಪೂ ಇಲ್ಲಿ ಗುಡ್ಡೆಯಾಗುತ್ತದೆ. ಕರೆಂಟ್ ಅಳೆಯುವ ಸೆನ್ಸರ್ ಬರೀ 0.1 ಆಂಪಿಯರ್ ತಪ್ಪು ತೋರಿಸಿದರೂ 24 ಗಂಟೆಯಲ್ಲಿ 2.4 ಆಂಪಿಯರ್-ಅವರ್ ವ್ಯತ್ಯಾಸ ಬರುತ್ತದೆ. ಅಂದರೆ ಒಂದೇ ದಿನಕ್ಕೆ ಶೇ. 4.

ಹಾಗಾಗಿ ಎಣಿಕೆಯನ್ನು ಆಗಾಗ ತಾಳೆ ನೋಡಬೇಕಾಗುತ್ತದೆ. ಗಾಡಿ ಕೆಲವು ಗಂಟೆ ಸುಮ್ಮನೆ ನಿಂತ ಮೇಲೆ ಸೆಲ್ಲಿನ ವೋಲ್ಟೇಜ್ ನೋಡಿ ಎಷ್ಟು ಚಾರ್ಜ್ ಇದೆ ಎಂದು ಊಹಿಸುವುದು ಅದಕ್ಕಿರುವ ದಾರಿ. ಎಲ್‌ಎಫ್‌ಪಿ ಸೆಲ್ ಕೈಕೊಡುವುದು ಇಲ್ಲಿಯೇ. ಚಾರ್ಜ್ ಶೇ. 80ರಿಂದ 30ಕ್ಕೆ ಇಳಿದರೂ ಅದರ ವೋಲ್ಟೇಜ್ ಹೆಚ್ಚುಕಡಿಮೆ ಇದ್ದಲ್ಲೇ ಇರುತ್ತದೆ, ಒಂದು ವೋಲ್ಟಿನ ಹತ್ತನೇ ಒಂದು ಭಾಗದಷ್ಟೂ ಬದಲಾಗುವುದಿಲ್ಲ. ತುಂಬುವ ಹೊತ್ತಿಗೆ ಮತ್ತು ಖಾಲಿಯಾಗುವ ಹೊತ್ತಿಗೆ ಮಾತ್ರ ಅದು ಸ್ಪಷ್ಟವಾಗಿ ಏರುತ್ತದೆ, ಇಳಿಯುತ್ತದೆ. ಎಲ್‌ಎಫ್‌ಪಿ ಬ್ಯಾಟರಿಯ ಗಾಡಿಗಳನ್ನು ಆಗಾಗ ಪೂರ್ತಿ 100ರವರೆಗೆ ಚಾರ್ಜ್ ಮಾಡಿ ಎಂದು ಕಂಪನಿಗಳು ಹೇಳುವುದಕ್ಕೆ ಇದು ಒಂದು ಕಾರಣ. ಅಲ್ಲಿಗೆ ಮುಟ್ಟಿದಾಗ ಮಾತ್ರ ಬಿಎಂಎಸ್ ತನ್ನ ಲೆಕ್ಕವನ್ನು ಖಚಿತವಾಗಿ ತಿದ್ದಿಕೊಳ್ಳಬಲ್ಲದು.

ಇದೇ ಪ್ಯಾಕ್ ಕೆಲವು ವರ್ಷ ಓಡಿ, ಅದರ ಸಾಮರ್ಥ್ಯ 48 ಆಂಪಿಯರ್-ಅವರ್‌ಗೆ ಇಳಿದಿದೆ ಎಂದುಕೊಳ್ಳೋಣ. 60ರಲ್ಲಿ 48 ಎಂದರೆ ಎಸ್‌ಒಎಚ್ ಶೇ. 80. ಚಾರ್ಜರ್‌ಗೆ ಹಾಕಿದರೆ ಆಗಲೂ ಮೀಟರ್ 100 ತೋರಿಸುತ್ತದೆ, ಅದು ಸುಳ್ಳೂ ಅಲ್ಲ. ಸುಳ್ಳು ಶುರುವಾಗುವುದು ಬಿಎಂಎಸ್ ಇನ್ನೂ 60 ಎಂಬ ಹಳೆಯ ಅಂಕಿಯನ್ನೇ ನಂಬಿ ಭಾಗಿಸಿದಾಗ. 30 ಆಂಪಿಯರ್-ಅವರ್ ಖರ್ಚಾದಾಗ ಅದು ಶೇ. 50 ಎನ್ನುತ್ತದೆ, ನಿಜವಾಗಿ ಉಳಿದಿರುವುದು 48ರಲ್ಲಿ 18, ಅಂದರೆ ಶೇ. 37.5. ಮೀಟರ್ ಶೇ. 20 ತೋರಿಸುವ ಹೊತ್ತಿಗೆ 48 ಪೂರ್ತಿ ಮುಗಿದು ಗಾಡಿ ನಿಂತಿರುತ್ತದೆ. ಕೆಲವು ಹಳೆಯ ಗಾಡಿಗಳಲ್ಲಿ ಅಂಕಿ 25ರಿಂದ ಒಮ್ಮೆಗೇ 5ಕ್ಕೆ ಜಿಗಿಯುವುದಕ್ಕೆ ಇದೂ ಒಂದು ಕಾರಣ. ಎಸ್‌ಒಎಚ್ ಗೊತ್ತಿಲ್ಲದೆ ಎಸ್‌ಒಸಿಯನ್ನು ಸರಿಯಾಗಿ ಹೇಳಲು ಆಗುವುದೇ ಇಲ್ಲ.

ಹಾಗಾದರೆ 48 ಎಂಬುದನ್ನು ಕಂಡುಹಿಡಿಯುವುದು ಹೇಗೆ? ಪೂರ್ತಿ ತುಂಬಿದ ಪ್ಯಾಕನ್ನು ಶೇ. 10ರವರೆಗೆ ಓಡಿಸಿ, ಹೊರಗೆ ಹೋದ ಚಾರ್ಜ್ 43.2 ಎಂದು ಎಣಿಸಿದರೆ, 43.2ನ್ನು 0.90ರಿಂದ ಭಾಗಿಸಿದಾಗ 48 ಬರುತ್ತದೆ. ಎಸ್‌ಒಸಿ ಅಂದಾಜಿನಲ್ಲಿ 5 ಅಂಕ ಹೆಚ್ಚುಕಡಿಮೆಯಾದರೂ ಉತ್ತರ ಸುಮಾರು 45 ಮತ್ತು 51ರ ನಡುವೆ ಇರುತ್ತದೆ. ಗಾಡಿಯನ್ನು ದಿನವೂ 60ರಿಂದ 50ರವರೆಗೆ ಮಾತ್ರ ಓಡಿಸಿ ಮತ್ತೆ ಚಾರ್ಜ್‌ಗೆ ಹಾಕುವವರ ಬ್ಯಾಟರಿಯ ಕಥೆ ಬೇರೆ. ಅಲ್ಲಿ ಖರ್ಚು 4.8 ಮಾತ್ರ, ಅದೇ 5 ಅಂಕದ ತಪ್ಪಿಗೆ ಸಾಮರ್ಥ್ಯ 32 ಎಂದೂ ಬರಬಹುದು, 96 ಎಂದೂ ಬರಬಹುದು. ಅಂಥ ಉತ್ತರದಿಂದ ಏನೂ ಉಪಯೋಗವಿಲ್ಲ. ಆಪ್‌ನಲ್ಲಿ ಕಾಣುವ ಎಸ್‌ಒಎಚ್ ತಿಂಗಳುಗಟ್ಟಲೆ ಕದಲದೆ ಇದ್ದರೆ ಬ್ಯಾಟರಿ ಗಟ್ಟಿಯಾಗಿದೆ ಎಂದೇ ಅರ್ಥವಲ್ಲ. ಲೆಕ್ಕ ಹಾಕಲು ಅವಕಾಶವೇ ಸಿಕ್ಕಿರಲಿಕ್ಕಿಲ್ಲ.

ಆರೋಗ್ಯಕ್ಕೆ ಸಾಮರ್ಥ್ಯದ ಜೊತೆಗೆ ಇನ್ನೊಂದು ಮುಖವೂ ಇದೆ. ವಯಸ್ಸಾದಂತೆ ಸೆಲ್ಲಿನ ಒಳರೋಧ ಏರುತ್ತದೆ. ಪ್ಯಾಕಿನ ರೋಧ ಹೊಸದರಲ್ಲಿ 40 ಮಿಲಿಓಮ್ ಇದ್ದರೆ, 60 ಆಂಪಿಯರ್ ಎಳೆದಾಗ ವೋಲ್ಟೇಜ್ 2.4 ವೋಲ್ಟ್ ಕುಸಿಯುತ್ತದೆ. ರೋಧ 75 ಆದರೆ ಕುಸಿತ 4.5 ವೋಲ್ಟ್. ಸಮತಟ್ಟು ರಸ್ತೆಯಲ್ಲಿ ಇದು ಗೊತ್ತೇ ಆಗುವುದಿಲ್ಲ. ಚಾರ್ಜ್ ಕಡಿಮೆ ಇರುವಾಗ ಹಿಂದೆ ಒಬ್ಬರನ್ನು ಕೂರಿಸಿಕೊಂಡು ಏರು ಹತ್ತಿದರೆ, ಅತ್ಯಂತ ದುರ್ಬಲ ಸೆಲ್ ತನ್ನ 2.5 ವೋಲ್ಟಿನ ಗಡಿಗಿಂತ ಕೆಳಗಿಳಿದು ಬಿಎಂಎಸ್ ಗಾಡಿಯನ್ನು ನಿಲ್ಲಿಸಿಬಿಡುತ್ತದೆ. ಐದು ನಿಮಿಷ ಬಿಟ್ಟು ಚಾಲೂ ಮಾಡಿದರೆ ಮತ್ತೆ ಓಡುತ್ತದೆ. ಹೀಗೆ ನಿಂತು ಮತ್ತೆ ಓಡುವ ಗಾಡಿಯಲ್ಲಿ ಚಾರ್ಜ್ ಇದೆ, ಕಸುವು ಇಲ್ಲ. ಚಳಿಯಲ್ಲಿ ಹೊಸ ಸೆಲ್ಲಿನ ರೋಧವೂ ಏರುವುದರಿಂದ, ಒಂದೇ ತಾಪಮಾನದ ಅಳತೆಗಳನ್ನು ಮಾತ್ರ ಹೋಲಿಸಬೇಕು.

ಆರೋಗ್ಯ ಕೆಟ್ಟಂತೆ ಕಂಡರೂ ಕೆಡದೆ ಇರುವ ಸಂದರ್ಭವೂ ಒಂದಿದೆ, ಇದನ್ನು ಗುರುತಿಸದೆ ಪ್ಯಾಕ್ ಬದಲಿಸಿದರೆ ಹಣ ದಂಡ. 15 ಸೆಲ್‌ಗಳು ಪೂರ್ತಿ ತುಂಬಿದಾಗ ಒಂದು ಮಾತ್ರ ಶೇ. 90ರಲ್ಲಿ ಉಳಿದಿದ್ದರೆ ಚಾರ್ಜಿಂಗ್ ಅಲ್ಲಿಗೇ ನಿಲ್ಲುತ್ತದೆ. ಖಾಲಿಯಾಗುವಾಗ ಆ ಒಂದು ಸೆಲ್ ಮೊದಲು ಮುಗಿದು ಇಡೀ ಪ್ಯಾಕ್ ನಿಲ್ಲುತ್ತದೆ. ಎಲ್ಲ ಸೆಲ್‌ಗಳೂ ಗಟ್ಟಿಯಾಗಿದ್ದರೂ ಹತ್ತನೇ ಒಂದು ಭಾಗ ಕೈಗೆ ಸಿಗುವುದಿಲ್ಲ. ಇದು ಸೆಲ್‌ಗಳ ನಡುವಿನ ಎಸ್‌ಒಸಿ ವ್ಯತ್ಯಾಸ, ಸರಿಹೋಗುವಂಥದ್ದು. ಹೆಚ್ಚು ತುಂಬಿದ ಸೆಲ್‌ಗಳಿಂದ ಬಿಎಂಎಸ್ ಸ್ವಲ್ಪಸ್ವಲ್ಪವೇ ಚಾರ್ಜ್ ಸೋರಿಸಿ ಸಮ ಮಾಡುತ್ತದೆ. ಆ ಕರೆಂಟ್ 0.1 ಆಂಪಿಯರ್ ಇದ್ದರೆ 6 ಆಂಪಿಯರ್-ಅವರ್ ಸರಿದೂಗಿಸಲು 60 ಗಂಟೆ ಬೇಕು. ಸಮ ಮಾಡುವ ಈ ಕೆಲಸ ಸಾಮಾನ್ಯವಾಗಿ ಪ್ಯಾಕ್ ತುಂಬುವ ಹಂತದಲ್ಲಿ ನಡೆಯುವುದರಿಂದ, ಒಂದು ರಾತ್ರಿ ಚಾರ್ಜ್‌ಗೆ ಹಾಕಿದರೆ ಸಾಲದು.

ನಿಜವಾಗಿ ಕಳೆದುಹೋದ ಸಾಮರ್ಥ್ಯ ಮಾತ್ರ ಹಿಂದಿರುಗುವುದಿಲ್ಲ. ಸೆಲ್ಲಿನ ಗ್ರಾಫೈಟ್ ಮೇಲೆ ಬೆಳೆಯುವ ತೆಳು ಪದರ ಲಿಥಿಯಂ ಅನ್ನು ಹಿಡಿದಿಟ್ಟುಕೊಳ್ಳುತ್ತದೆ. ಬಿಸಿ ಹೆಚ್ಚಿದಷ್ಟೂ, ಚಾರ್ಜ್ ಹೆಚ್ಚಿದಷ್ಟೂ ಆ ಪದರ ಬೇಗ ಬೆಳೆಯುತ್ತದೆ. ಕಲಬುರಗಿ, ರಾಯಚೂರಿನ 40 ಡಿಗ್ರಿ ದಾಟುವ ಬೇಸಿಗೆಯಲ್ಲಿ ಪೂರ್ತಿ ಚಾರ್ಜ್ ಮಾಡಿದ ಗಾಡಿಯನ್ನು ವಾರಗಟ್ಟಲೆ ಬಿಸಿಲಿಗೆ ನಿಲ್ಲಿಸಿದರೆ, ಒಂದು ಕಿಲೋಮೀಟರ್ ಓಡದೆಯೂ ಬ್ಯಾಟರಿ ಸವೆಯುತ್ತದೆ. ಬಹುಕಾಲ ನಿಲ್ಲಿಸುವಾಗ ಅರ್ಧದಷ್ಟು ಚಾರ್ಜ್ ಇಟ್ಟು ನೆರಳಿನಲ್ಲಿಡುವುದು ಒಳ್ಳೆಯದು.

ಹಳೆಯ ಎಲೆಕ್ಟ್ರಿಕ್ ಗಾಡಿ ಕೊಳ್ಳುವವರು ಮೀಟರಿನ 100 ನೋಡಿ ವ್ಯಾಪಾರ ಮುಗಿಸಬಾರದು. ಪೂರ್ತಿ ತುಂಬಿಸಿ, ಶೇ. 10ರ ಹತ್ತಿರ ಬರುವವರೆಗೆ ಓಡಿಸಿ, ಎಷ್ಟು ಕಿಲೋಮೀಟರ್ ಬಂತು ಎಂದು ಬರೆದುಕೊಳ್ಳಿ. ಚಾರ್ಜ್ ಕಡಿಮೆ ಇರುವಾಗ ಒಂದು ಏರು ಹತ್ತಿಸಿ ನೋಡಿ. ಸರ್ವೀಸ್ ಸೆಂಟರಿನಲ್ಲಿ ಎಸ್‌ಒಎಚ್ ಜೊತೆಗೆ ಒಂದೊಂದು ಸೆಲ್ಲಿನ ವೋಲ್ಟೇಜ್ ಕೂಡ ಕೇಳಿ ಪಡೆಯಿರಿ.