ಈ ಕಂಪನಿ ಯಾರದ್ದು?

ಷೇರುಪೇಟೆಯ ಕಂಪನಿಯ ಒಡೆತನ ತಿಳಿಯುವುದು ಹೇಗೆ?

ಪ್ರತಿ ತ್ರೈಮಾಸಿಕ ಮುಗಿದ 21 ದಿನಗಳೊಳಗೆ ಕಂಪನಿಯು ತನ್ನ ಷೇರುದಾರರ ವಿವರವನ್ನು ಷೇರು ವಿನಿಮಯ ಕೇಂದ್ರಕ್ಕೆ ಕೊಡಬೇಕು. ಅದನ್ನು ಕೇಂದ್ರದ ಜಾಲತಾಣದಲ್ಲಿ ಯಾರೂ ನೋಡಬಹುದು. ಮೊದಲು ಪ್ರವರ್ತಕರ ಪಾಲು ನೋಡಿ. ಬೆಂಗಳೂರಿನ ಇನ್ಫೋಸಿಸ್‌ನಲ್ಲಿ ಸ್ಥಾಪಕರು ಮತ್ತು ಅವರ ಕುಟುಂಬದವರ ಪಾಲು ಸುಮಾರು ಶೇ 15. ಉಳಿದದ್ದು ಮ್ಯೂಚುವಲ್ ಫಂಡ್, ವಿದೇಶಿ ಹೂಡಿಕೆದಾರರು, ಜನಸಾಮಾನ್ಯರಲ್ಲಿ ಹರಡಿದೆ. ವಿಪ್ರೋದಲ್ಲಿ ಪ್ರವರ್ತಕರ ಪಾಲು ಶೇ 70ಕ್ಕೂ ಹೆಚ್ಚು.

ಹಾಗಾದರೆ ವಿಪ್ರೋ ಕುಟುಂಬದ ಕಂಪನಿಯೇ?

ಹಿಡಿತದ ದೃಷ್ಟಿಯಿಂದ ಹೌದು. ಅಜೀಂ ಪ್ರೇಮ್‌ಜಿಯವರ ಮಗ ರಿಷದ್ ಅಧ್ಯಕ್ಷರು. ಆದರೆ ಪ್ರವರ್ತಕರ ಪಟ್ಟಿಯಲ್ಲಿ ಟ್ರಸ್ಟ್ ಮತ್ತು ಪಾಲುದಾರಿಕೆ ಸಂಸ್ಥೆಗಳೂ ಇವೆ. 2019ರ ಘೋಷಣೆಯ ನಂತರ ಕಂಪನಿಯ ಸುಮಾರು ಶೇ 67ರಷ್ಟು ಷೇರುಗಳ ಆರ್ಥಿಕ ಲಾಭ ದಾನಕಾರ್ಯಕ್ಕೆ ಮೀಸಲು. ಆದ್ದರಿಂದ ಮತ ಯಾರದ್ದು, ಲಾಭ ಯಾರಿಗೆ ಎಂದು ಬೇರೆಬೇರೆಯಾಗಿ ಕೇಳಬೇಕು.

ನೌಕರರಿಗೆ ಷೇರು ಕೊಟ್ಟರೆ ಅದು ನೌಕರರ ಕಂಪನಿಯೇ?

ಅಲ್ಲ. ನೌಕರರ ಷೇರು ಯೋಜನೆಯಲ್ಲಿ ಸಾಮಾನ್ಯವಾಗಿ ಸಿಗುವುದು ಸಣ್ಣ ಪಾಲು ಮಾತ್ರ. ಇಂಡಿಯನ್ ಕಾಫಿ ಹೌಸ್ ನಡೆಸುವ ಕಾರ್ಮಿಕರ ಸಹಕಾರ ಸಂಘಗಳಲ್ಲಿ ಮಾತ್ರ ದುಡಿಯುವವರೇ ಸದಸ್ಯರು, ಆಡಳಿತ ಮಂಡಳಿಯನ್ನು ಆರಿಸುವವರೂ ಅವರೇ.

ಷೇರುಪೇಟೆಗೆ ಬಾರದ ನವೋದ್ಯಮವಾದರೆ?

ಕಂಪನಿ ವ್ಯವಹಾರಗಳ ಸಚಿವಾಲಯದ ಜಾಲತಾಣದಲ್ಲಿ ಶುಲ್ಕ ಕಟ್ಟಿ ವಾರ್ಷಿಕ ವಿವರಪಟ್ಟಿ ನೋಡಬಹುದು. ಷೇರುದಾರರಲ್ಲಿ ಹೂಡಿಕೆ ನಿಧಿಗಳ ಹೆಸರು, ಜೊತೆಗೆ ಪರಿವರ್ತನೀಯ ಆದ್ಯತಾ ಷೇರುಗಳು ಕಂಡರೆ ಅದು ವೆಂಚರ್ ಬಂಡವಾಳದ ಗುರುತು. ಆದರೆ ಮಾರಾಟ, ಹೊಸ ಷೇರು ವಿತರಣೆಯಂಥ ನಿರ್ಧಾರಗಳನ್ನು ತಡೆಯುವ ಹಕ್ಕು ಹೂಡಿಕೆದಾರರಿಗೆ ಎಷ್ಟಿದೆ ಎಂಬುದು ಶೇಕಡಾವಾರು ಪಾಲಿನಿಂದ ತಿಳಿಯದು; ಅದಕ್ಕೆ ಕಂಪನಿಯ ಆಂತರಿಕ ನಿಯಮಾವಳಿಯನ್ನೂ ಓದಬೇಕು.