ಕಣ್ಣಂಚಿನ ಬಿಳಿ ಗುಳ್ಳೆ: ಒಳಗಿರುವುದು ಕ್ರೀಮ್ ಅಲ್ಲ

ಕಣ್ಣಿನ ಕೆಳಗೆ, ರೆಪ್ಪೆಯ ಮೇಲೆ, ಕೆನ್ನೆಮೂಳೆಯ ಏರಿನಲ್ಲಿ ರವೆ ಕಾಳಿನಷ್ಟು ಸಣ್ಣ ಬಿಳಿ ಗುಳ್ಳೆಗಳು ಏಳುತ್ತವೆ. ನೋವಿಲ್ಲ, ತುರಿಕೆಯಿಲ್ಲ, ಬೆರಳಾಡಿಸಿದರೆ ಗಟ್ಟಿಯಾಗಿ ಸಿಗುತ್ತವೆ. ಇವಕ್ಕೆ ಮಿಲಿಯಾ ಎನ್ನುತ್ತಾರೆ. ‘ಹಚ್ಚಿದ ಕ್ರೀಮೇ ಒಳಗೆ ಇಳಿದು ಗಂಟು ಕಟ್ಟಿದೆ’ ಎಂದು ಒಬ್ಬರು, ‘ಕೊಬ್ಬು, ಹಿಂಡಿದರೆ ಹೋಗುತ್ತೆ’ ಎಂದು ಇನ್ನೊಬ್ಬರು ಹೇಳುತ್ತಾರೆ.

ಎರಡೂ ಸರಿಯಲ್ಲ. ಒಳಗಿರುವುದು ಕೆರಾಟಿನ್, ಅಂದರೆ ನಮ್ಮ ಉಗುರು, ಕೂದಲಿನಲ್ಲಿರುವ ಅದೇ ಪ್ರೋಟೀನು. ಚರ್ಮದ ಮೇಲ್ಪದರದ ಸತ್ತ ಕೋಶಗಳು ಸಾಮಾನ್ಯವಾಗಿ ಉದುರಿಹೋಗುತ್ತವೆ. ಕೆಲವೆಡೆ ಅವು ಉದುರದೆ, ತೆಳು ಚರ್ಮದ ಅಡಿಯಲ್ಲೇ ಪುಟ್ಟ ಚೀಲದೊಳಗೆ ಸಿಕ್ಕಿಕೊಂಡು ಗಟ್ಟಿಯಾಗುತ್ತವೆ. ಮೊಡವೆಗೆ ಬಾಯಿ ಇರುತ್ತದೆ, ಮಿಲಿಯಾಕ್ಕೆ ಇಲ್ಲ. ಹಾಗಾಗಿ ಎಷ್ಟು ಹಿಂಡಿದರೂ ಕಾಳು ಹೊರಗೆ ಬರುವುದಿಲ್ಲ. ಕಣ್ಣಿನ ಸುತ್ತಲ ತೆಳು ಚರ್ಮ ಕಂದುತ್ತದೆ, ಕಲೆ ಉಳಿಯುತ್ತದೆ.

ಹಾಗಾದರೆ ಕ್ರೀಮಿನ ತಪ್ಪೇನೂ ಇಲ್ಲವೇ? ಇರಬಹುದು, ಆದರೆ ಪೂರ್ತಿ ತಪ್ಪು ಅದರದಲ್ಲ. ಈಗಷ್ಟೇ ಹುಟ್ಟಿದ ಮಕ್ಕಳಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ಮೂಗು, ಕೆನ್ನೆಯ ಮೇಲೆ ಮಿಲಿಯಾ ಇರುತ್ತದೆ, ಕೆಲವು ವಾರಗಳಲ್ಲಿ ತಾನೇ ಹೋಗುತ್ತದೆ. ಆ ಕೂಸುಗಳಿಗೆ ಯಾರೂ ನೈಟ್ ಕ್ರೀಮ್ ಹಚ್ಚಿರುವುದಿಲ್ಲ. ದೊಡ್ಡವರಲ್ಲಿ ಸುಟ್ಟ ಗಾಯ, ಬೊಬ್ಬೆ, ಲೇಸರ್ ಚಿಕಿತ್ಸೆ, ಬಹುಕಾಲ ಹಚ್ಚಿದ ಸ್ಟಿರಾಯ್ಡ್ ಮುಲಾಮು ಇವೆಲ್ಲ ಕಾರಣವಾಗುತ್ತವೆ. ಬಿಳುಪಿಗೆಂದು ಅಂಗಡಿಯಿಂದ ತಂದು ಹಚ್ಚುವ ಟ್ಯೂಬುಗಳಲ್ಲೂ ಸ್ಟಿರಾಯ್ಡ್ ಇರುವುದುಂಟು, ಹಾಗಾಗಿ ಅವುಗಳ ಲೇಬಲ್ ಮೊದಲು ಓದಿ. ಗಟ್ಟಿ, ಜಿಡ್ಡಿನ ಕ್ರೀಮಿನ ಪಾತ್ರ ಬೇರೆ: ಒಳಗೆ ಇಳಿಯದೆ ಮೇಲೆ ಹೊದಿಕೆಯಾಗಿ ಕೂತು, ಸತ್ತ ಕೋಶಗಳು ಉದುರುವುದಕ್ಕೆ ಅಡ್ಡಿಯಾಗುತ್ತದೆ. ಎಲ್ಲರಿಗೂ ಹಾಗಾಗದು, ಚರ್ಮಕ್ಕೆ ಅಂಥ ಪ್ರವೃತ್ತಿ ಇದ್ದವರಿಗೆ ಆಗುತ್ತದೆ.

ಒಂದು ಉದಾಹರಣೆ ನೋಡಿ. ಚಳಿಗಾಲದಲ್ಲಿ ಮುಖ ಬಿಗಿಯುತ್ತದೆಂದು ನಲವತ್ತರ ಹೆಂಗಸೊಬ್ಬರು ಡಬ್ಬಿಯ ನೈಟ್ ಕ್ರೀಮ್ ತಂದರು. ಪೆಟ್ರೋಲಾಟಮ್, ಮಿನರಲ್ ಆಯಿಲ್, ಶಿಯಾ ಬಟರ್ ಮೂರೂ ಅದರಲ್ಲಿದ್ದವು. ಮುಖದ ಜೊತೆ ರೆಪ್ಪೆಗೂ ಅದನ್ನೇ ಸವರಿ ಮಲಗುತ್ತಿದ್ದರು. ಗುಳ್ಳೆ ಕಂಡಾಗ ‘ಚರ್ಮ ಒಣಗಿದ್ದಕ್ಕೇ ಹೀಗೆ’ ಎಂದುಕೊಂಡು ಮೇಲೆ ಬಾದಾಮಿ ಎಣ್ಣೆಯನ್ನೂ ಶುರು ಮಾಡಿದರು. ಎಣ್ಣೆ ಮನೆಯದಾದರೂ, ಅಂಗಡಿಯದಾದರೂ ಕಣ್ಣಿನ ಸುತ್ತ ಮಾಡುವುದು ಅದೇ ಹೊದಿಕೆಯ ಕೆಲಸ. ಕೊಬ್ಬರಿ ಎಣ್ಣೆ, ಹರಳೆಣ್ಣೆ, ಹಾಲಿನ ಕೆನೆಗೂ ಇದೇ ಮಾತು.

ಅವರು ಕ್ರೀಮನ್ನೇ ಬಿಡಬೇಕಾಗಿಲ್ಲ. ಕೆನ್ನೆಗೆ ಬೇಕಿದ್ದರೆ ಇರಲಿ, ಆದರೆ ಕಣ್ಣಿನಿಂದ ಒಂದು ಬೆರಳಗಲ ಕೆಳಗೇ ನಿಲ್ಲಿಸಬೇಕು. ಮಲಗಿದಾಗ ಬೆವರು, ದಿಂಬಿನ ಒರಸಾಟಕ್ಕೆ ಅದು ಮೇಲಕ್ಕೆ ಹರಡುವುದರಿಂದ ಮಲಗುವುದಕ್ಕೆ ಅರ್ಧ ಗಂಟೆ ಮೊದಲೇ ಹಚ್ಚುವುದು ಒಳ್ಳೆಯದು. ಕಣ್ಣಿನ ಸುತ್ತ ಗ್ಲಿಸರಿನ್ ಅಥವಾ ಹೈಯಲುರಾನಿಕ್ ಆಮ್ಲವಿರುವ ತೆಳು ಜೆಲ್ ಸಾಕು. ಎರಡೂ ಕಣ್ಣಿಗೆ ಸೇರಿ ಒಂದು ಬಟಾಣಿಯ ಅರ್ಧದಷ್ಟು, ಕಣ್ಣಿನ ಗುಳಿಯ ಸುತ್ತಲ ಮೂಳೆಯ ಮೇಲೆ, ರೆಪ್ಪೆಯ ಮೇಲಲ್ಲ. ಸನ್‌ಸ್ಕ್ರೀನ್, ಕಾಜಲ್ ರಾತ್ರಿ ತೊಳೆದೇ ಮಲಗಬೇಕು. ಎಲ್ಲವನ್ನೂ ಒಮ್ಮೆಗೇ ಬದಲಿಸಿದರೆ ಯಾವುದರಿಂದ ಗುಣವಾಯಿತೆಂದು ತಿಳಿಯದು. ಮೊದಲು ಜಿಡ್ಡಿನದ್ದನ್ನು ದೂರವಿಟ್ಟು ಎರಡು-ಮೂರು ತಿಂಗಳು ಕಾಯಿರಿ. ಹಳೆಯ ಕಾಳು ಹಾಗೇ ಇರಬಹುದು. ಹೊಸತು ಏಳುತ್ತಿದೆಯೇ ಎಂಬುದನ್ನು ನೋಡಿ.

ಉಳಿದದ್ದು ಬೇಡವೆನಿಸಿದರೆ ಚರ್ಮವೈದ್ಯರು ಶುದ್ಧೀಕರಿಸಿದ ಸೂಜಿಯಿಂದ ಸಣ್ಣ ಗೀರು ಹಾಕಿ ಕಾಳನ್ನು ಹೊರಗೆ ತೆಗೆಯುತ್ತಾರೆ, ಕೆಲವೇ ನಿಮಿಷದ ಕೆಲಸ. ಮನೆಯಲ್ಲಿ ಪಿನ್ ಹಿಡಿಯಬೇಡಿ. ಅಡಾಪಲೀನ್‌ನಂಥ ರೆಟಿನಾಯ್ಡ್ ಜೆಲ್ ನಿಧಾನವಾಗಿ ನೆರವಾಗುತ್ತದೆ, ಆದರೆ ಅದನ್ನು ರೆಪ್ಪೆಗೆ ಹಚ್ಚುವ ಹಾಗಿಲ್ಲ, ಬಸುರಿಯರಿಗೂ ಬೇಡ. ವೈದ್ಯರನ್ನು ಕೇಳಿಯೇ ಹಚ್ಚಿ.

ಬಿಳಿಯದ್ದೆಲ್ಲ ಮಿಲಿಯಾ ಅಲ್ಲ ಎನ್ನುವುದೂ ಗೊತ್ತಿರಲಿ. ಮೂಗಿನ ಕಡೆಯ ರೆಪ್ಪೆಯಲ್ಲಿ ಹಳದಿ, ಚಪ್ಪಟೆ ಪಟ್ಟಿ ಕಂಡರೆ ಅದು ಜ್ಯಾಂಥಲಾಸ್ಮಾ ಆಗಿರಬಹುದು, ಆಗ ಕೊಲೆಸ್ಟರಾಲ್ ಪರೀಕ್ಷೆ ಮಾಡಿಸಬೇಕು. ಕೆಳರೆಪ್ಪೆಯಲ್ಲಿ ಚರ್ಮದ ಬಣ್ಣದ ಸಾಲುಗುಳ್ಳೆಗಳಿದ್ದರೆ ಸಿರಿಂಗೋಮಾ; ಕ್ರೀಮ್ ಬದಲಿಸಿದರೆ ಅದು ಕದಲದು. ಗುಳ್ಳೆ ಬೆಳೆಯುತ್ತಲೇ ಇದ್ದರೆ, ರಕ್ತ ಬಂದರೆ, ಅಲ್ಲಿನ ರೆಪ್ಪೆಗೂದಲು ಉದುರಿದರೆ ತಡಮಾಡದೆ ವೈದ್ಯರಿಗೆ ತೋರಿಸಿ.